ಕೊನೆಯ ಪ್ರಶ್ನೆಯಿಂದ ಶುರುವಾಗುವ ಪಾಠ ಯೋಜನೆ: ಸಹೋದ್ಯೋಗಿ ಶಿಕ್ಷಕರಿಗೆ ಅರ್ಧ ದಿನದ ಕಾರ್ಯಾಗಾರ

ಪಾಠ ಯೋಜನೆಯ ತರಬೇತಿ ಎಂದರೆ ಸಾಮಾನ್ಯವಾಗಿ ನಮೂನೆಯ ತರಬೇತಿಯೇ ಆಗಿರುತ್ತದೆ. ಯಾವ ಕಲಂನಲ್ಲಿ ಏನು ಬರೆಯಬೇಕು, ಕಲಿಕಾ ಫಲ ಎಲ್ಲಿ ಬರಬೇಕು, 5ಇ ಮಾದರಿಯ ಐದು ಹಂತಗಳನ್ನು ಹೇಗೆ ತುಂಬಬೇಕು ಎಂದು ಪರದೆಯ ಮೇಲೆ ತೋರಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಒಂದೊಂದು ನಮೂನೆ ತುಂಬಿ ಕೊಡುತ್ತಾರೆ, ಸೋಮವಾರ ತರಗತಿಯಲ್ಲಿ ಮೊದಲಿನ ಹಾಗೆಯೇ ಪಾಠ ನಡೆಯುತ್ತದೆ. ಇದಕ್ಕೆ ಶಿಕ್ಷಕರನ್ನು ದೂರಿ ಫಲವಿಲ್ಲ. ತುಂಬಿದ ನಮೂನೆ ಮುಖ್ಯ ಶಿಕ್ಷಕರ ಸಹಿಗೆ, ಅಧಿಕಾರಿಗಳ ಭೇಟಿಗೆ ಸಾಕಾಗುತ್ತದೆ. ಆದರೆ ಮಗುವೊಂದು ತಪ್ಪು ಉತ್ತರ ಕೊಟ್ಟ ಕ್ಷಣದಲ್ಲಿ ಮುಂದೇನು ಮಾಡಬೇಕು ಎಂಬುದು ಅದರಲ್ಲಿ ಎಲ್ಲೂ ಇರುವುದಿಲ್ಲ.

ಇಲ್ಲಿ ವಿವರಿಸುವ ಕಾರ್ಯಾಗಾರ ಆ ಒಂದು ಕೊರತೆಯನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗೆ ಹೊಂದುವ ಹಾಗೆ ಬೆಳಿಗ್ಗೆ 9:30ರಿಂದ ಮಧ್ಯಾಹ್ನ 1:00ರವರೆಗಿನ ಅವಧಿ, 24 ಶಿಕ್ಷಕರು, ನಾಲ್ವರಂತೆ ಆರು ಗುಂಪು. ಗುಂಪುಗಳನ್ನು ವಿಷಯವಾರು ಮಾಡಬೇಕು. ಸಂಖ್ಯೆ ಹೇಳಿಸಿ ಬೆರೆಸಿ ಕೂರಿಸುವ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ಗಣಿತದವರಿಗೂ ಕನ್ನಡದವರಿಗೂ ಒಂದೇ ಪಾಠ ಕೊಟ್ಟರೆ ಮಾತೆಲ್ಲ ಸಾಮಾನ್ಯ ಸಂಗತಿಗಳಿಗೆ ಜಾರಿಬಿಡುತ್ತದೆ. ಪ್ರತಿಯೊಬ್ಬರೂ ಮುಂದಿನ ವಾರ ತಾವು ಮಾಡಲಿರುವ ಒಂದು ಪಾಠದ ಪಠ್ಯಪುಸ್ತಕವನ್ನು ತರಬೇಕು. ಹಳೆಯ ಪಾಠ ಯೋಜನೆಯ ಪುಸ್ತಕ ಬೇಡ. ಅದು ಕೈಯಲ್ಲಿದ್ದರೆ ಅದನ್ನೇ ನಕಲು ಮಾಡುವ ಮನಸ್ಸಾಗುತ್ತದೆ.

ನಾಲ್ಕರಿಂದ ಮೇಲಿನ ತರಗತಿಗಳ ಶಿಕ್ಷಕರಿಗಷ್ಟೇ ಈ ರೂಪ ಹೊಂದುತ್ತದೆ. ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿಯಲ್ಲಿ ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡುಗಳು ಮೊದಲೇ ಸಿದ್ಧವಾಗಿರುತ್ತವೆ. ಅಲ್ಲಿ ಯೋಜನೆ ಎಂದರೆ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ನೋಡಿ ಗುಂಪು ಮಾಡುವ ಕೆಲಸ, ಅದಕ್ಕೆ ಬೇರೆಯದೇ ದಿನ ಬೇಕು.

ಮೊದಲ ನಲವತ್ತು ನಿಮಿಷ: ಹನ್ನೆರಡು ಚೀಟಿಗಳು

ಪ್ರಾರ್ಥನೆ, ಸ್ವಾಗತ ಮುಗಿದ ತಕ್ಷಣ ಭಾಷಣವಿಲ್ಲದೆ ಪ್ರತಿ ಗುಂಪಿನ ಮುಂದೆ 12 ಚೀಟಿ ಇಡಬೇಕು. ಐದನೇ ತರಗತಿಯ ಮಕ್ಕಳು ಬರೆದ ಉತ್ತರಗಳ ಮಾದರಿ ಅವು. ಪ್ರಶ್ನೆ ಒಂದೇ: "1/4 ಮತ್ತು 1/6, ಇವುಗಳಲ್ಲಿ ಯಾವುದು ದೊಡ್ಡದು? ಕಾರಣ ಬರೆ ಅಥವಾ ಚಿತ್ರ ಬರೆದು ತೋರಿಸು." ನಿಜವಾದ ತರಗತಿಯಲ್ಲಿ ಬರೆಸಿದ ಚೀಟಿಗಳು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು, ಹೆಸರುಗಳನ್ನು ಮಾತ್ರ ಕತ್ತರಿಸಿ ತೆಗೆಯಬೇಕು. ಸಿಗದಿದ್ದರೆ ಕಾರ್ಯಾಗಾರ ನಡೆಸುವವರೇ ಕೈಯಲ್ಲಿ ಬರೆದು ಸಿದ್ಧಪಡಿಸಬಹುದು. ಆಗ ಹಂಚಿಕೆ ಹೀಗಿರಲಿ.

ನಾಲ್ಕು ಚೀಟಿಯಲ್ಲಿ 1/6 ದೊಡ್ಡದು, ಏಕೆಂದರೆ 6 ದೊಡ್ಡದು. ಮೂರರಲ್ಲಿ 1/4 ದೊಡ್ಡದು ಎಂಬ ಸರಿಯುತ್ತರ, ಆದರೆ ಚಿತ್ರದಲ್ಲಿ 1/4ಕ್ಕೆ ದೊಡ್ಡ ಆಯತ, 1/6ಕ್ಕೆ ಚಿಕ್ಕ ಆಯತ. ಎರಡರಲ್ಲಿ ಸರಿಯುತ್ತರ, ಚಿತ್ರವಿಲ್ಲ, "ಕೆಳಗಿನ ಸಂಖ್ಯೆ ಚಿಕ್ಕದಿದ್ದರೆ ಅದೇ ದೊಡ್ಡದು" ಎಂಬ ವಾಕ್ಯ. ಉಳಿದ ಮೂರರಲ್ಲಿ ಒಂದೇ ಅಳತೆಯ ಎರಡು ಆಯತ, ಸಮನಾದ ಪಾಲು, ಸರಿಯಾದ ಕಾರಣ.

ಮೊದಲ ಸುತ್ತಿನಲ್ಲಿ ಗುಂಪುಗಳು ಸರಿ, ತಪ್ಪು ಎಂದು ಗುರುತು ಹಾಕಲಿ. ಉತ್ತರವನ್ನಷ್ಟೇ ನೋಡಿದರೆ ಎಂಟು ಸರಿ, ನಾಲ್ಕು ತಪ್ಪು. ಎರಡನೇ ಸುತ್ತಿನಲ್ಲಿ ಇನ್ನೊಂದು ಪ್ರಶ್ನೆ: ಈ ಎಂಟರಲ್ಲಿ ಎಷ್ಟು ಮಕ್ಕಳಿಗೆ ವಿಷಯ ಗೊತ್ತಿದೆ ಎಂದು ಧೈರ್ಯವಾಗಿ ಹೇಳಬಲ್ಲಿರಿ? ಚಿತ್ರಗಳನ್ನು ಗಮನಿಸಿದ ಮೇಲೆ ಎಂಟು ಇಳಿದು ಮೂರಕ್ಕೆ ಬರುತ್ತದೆ. "ಕೆಳಗಿನದು ಚಿಕ್ಕದಿದ್ದರೆ ದೊಡ್ಡದು" ಎಂದ ಇಬ್ಬರ ಬಗ್ಗೆ ವಾದ ಏಳುತ್ತದೆ, ಏಳಲೇಬೇಕು. ನಿಯಮ ಇಲ್ಲಿ ಸರಿಯಾಗಿದೆಯಲ್ಲ ಎನ್ನುವವರಿಗೆ 1/4 ಮತ್ತು 3/8 ಕೊಡಿ. ಆ ನಿಯಮದ ಪ್ರಕಾರ 1/4 ದೊಡ್ಡದಾಗಬೇಕು. ಆದರೆ 1/4 ಎಂದರೆ 2/8, 3/8 ಅದಕ್ಕಿಂತ ಹೆಚ್ಚು. ಅಂಶಗಳು ಸಮನಾಗಿರುವಾಗ ಮಾತ್ರ ಖಚಿತವಾಗಿ ನಡೆಯುವ ನಿಯಮವನ್ನು ಮಗು ಎಲ್ಲ ಕಡೆಗೂ ಕೊಂಡೊಯ್ಯುತ್ತದೆ.

ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ ನಿಲ್ಲಿಸಬೇಕು: ಈ ಮೂರು ಬಗೆಯ ತಪ್ಪುಗಳು ಬರುತ್ತವೆ ಎಂದು ನಿಮ್ಮ ಯಾವ ಪಾಠ ಯೋಜನೆಯಲ್ಲಾದರೂ ಮೊದಲೇ ಬರೆದಿದ್ದುಂಟೇ? ಇಲ್ಲಿ ವಿವರಣೆ ಕೊಡಲು ಹೋದರೆ ಚೀಟಿಗಳು ಮಾಡಿದ ಕೆಲಸ ಕೆಡುತ್ತದೆ. ಕಾರ್ಯಾಗಾರ ನಡೆಸುವವರಿಗೆ ಅತ್ಯಂತ ಕಷ್ಟದ ಭಾಗ ಇಲ್ಲಿ ಸುಮ್ಮನಿರುವುದೇ.

ಗುರಿಯ ವಾಕ್ಯ

10:10ರಿಂದ 10:45ರವರೆಗೆ ಒಂದು ವಾಕ್ಯ ಬರೆಯುವ ಕೆಲಸ. ಒಂದು ವಾಕ್ಯಕ್ಕೆ ಮೂವತ್ತೈದು ನಿಮಿಷ ಎಂದರೆ ನಗು ಬರುತ್ತದೆ, ಆದರೆ ಸಮಯ ಸಾಲದೆ ಹೋಗುವುದೇ ಹೆಚ್ಚು.

ಸಾಮಾನ್ಯ ತಪ್ಪು ಎಂದರೆ ಕಲಿಕಾ ಫಲವನ್ನೇ ಪಾಠದ ಗುರಿಯಾಗಿ ಇಳಿಸಿಕೊಳ್ಳುವುದು. ಎನ್‌ಸಿಇಆರ್‌ಟಿ 2017ರಲ್ಲಿ ಹೊರತಂದ ಪ್ರಾಥಮಿಕ ಹಂತದ ಕಲಿಕಾ ಫಲಗಳು ಆಯಾ ತರಗತಿ ಮುಗಿಯುವ ಹೊತ್ತಿಗೆ ಮಗು ತಲುಪಬೇಕಾದ ಜಾಗವನ್ನು ಹೇಳುತ್ತವೆ. ಅವು ಒಂದು ವರ್ಷದ ಕೆಲಸದ ಫಲ. ಅದನ್ನೇ 40 ನಿಮಿಷದ ಅವಧಿಯ ಗುರಿ ಎಂದು ಬರೆದರೆ ಆ ಅವಧಿ ಗುರಿ ಮುಟ್ಟಿತೋ ಇಲ್ಲವೋ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ನಮೂನೆಯಲ್ಲಿ ಕಲಿಕಾ ಫಲದ ಕಲಂ ಇದ್ದರೆ ಇರಲಿ, ಅದರ ಕೆಳಗೆ ಈ ಅವಧಿಯ ಗುರಿಗೆ ಪ್ರತ್ಯೇಕ ಸಾಲು ಬೇಕು.

"ಭಿನ್ನರಾಶಿಗಳ ಹೋಲಿಕೆಯನ್ನು ಅರ್ಥಮಾಡಿಕೊಳ್ಳುವರು" ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ಎರಡು ಪ್ರಶ್ನೆಗಳಿಂದ ಅದನ್ನು ತಿದ್ದಬೇಕು. ಮಗು ಏನು ಮಾಡಿದರೆ ಅರ್ಥವಾಗಿದೆ ಎಂದು ನಿಮಗೆ ಕಾಣುತ್ತದೆ? ಯಾವ ಸಂಖ್ಯೆಗಳ ಮಿತಿಯಲ್ಲಿ? ತಿದ್ದುತ್ತ ಹೋದರೆ ಇಲ್ಲಿಗೆ ಬಂದು ನಿಲ್ಲುತ್ತದೆ: "ಅಂಶ 1 ಇರುವ ಎರಡು ಭಿನ್ನರಾಶಿಗಳಲ್ಲಿ ದೊಡ್ಡದು ಯಾವುದೆಂದು ಹೇಳಿ, ಒಂದೇ ಅಳತೆಯ ಚಿತ್ರಗಳಿಂದ ಕಾರಣ ತೋರಿಸುವರು." ಅಂಶ 1 ಎಂಬ ಮಿತಿ ಹಾಕಿದ್ದರಿಂದ ಪಾಠ ಒಂದು ಅವಧಿಗೆ ಇಳಿಯಿತು. ಒಂದೇ ಅಳತೆಯ ಚಿತ್ರ ಎಂದಿದ್ದರಿಂದ ಮೂರು ಚೀಟಿಗಳ ತಪ್ಪು ಗುರಿಯೊಳಗೇ ಬಂತು.

ಇದಾದ ಮೇಲೆ ಗುಂಪುಗಳು ತಮ್ಮ ತಮ್ಮ ಪಾಠಕ್ಕೆ ವಾಕ್ಯ ಬರೆಯುತ್ತವೆ. ಭಾಷಾ ಶಿಕ್ಷಕರು ಇಲ್ಲಿ ತಕರಾರು ತೆಗೆಯುತ್ತಾರೆ, ಪದ್ಯವನ್ನು ಹೀಗೆ ಅಳೆಯಲಾಗದು ಎಂದು. ಅವರ ಮಾತಿನಲ್ಲಿ ಹುರುಳಿದೆ. ಪದ್ಯದ ಸೊಗಸು ಮಗುವಿಗೆ ತಟ್ಟಿತೇ ಎಂದು ಚೀಟಿಯಿಂದ ಗೊತ್ತಾಗದು. ಆದರೂ "ಪದ್ಯದಲ್ಲಿ ಯಾರು ಯಾರಿಗೆ ಮಾತಾಡುತ್ತಿದ್ದಾರೆ ಎಂದು ಗುರುತಿಸಿ, ಅದನ್ನು ತೋರಿಸುವ ಸಾಲನ್ನು ಎತ್ತಿ ಓದುವರು" ಎಂಬ ಗುರಿ ಆ ಅವಧಿಗೆ ಒಂದು ಹಿಡಿತ ಕೊಡುತ್ತದೆ, ಸೊಗಸಿಗೂ ಅಡ್ಡಿ ಬರುವುದಿಲ್ಲ.

ಕೊನೆಯ ಪ್ರಶ್ನೆ ಮೊದಲು

ಗುರಿ ಸಿಕ್ಕ ಮೇಲೆ ಕೈ ತಾನಾಗಿ "ಪೂರ್ವಜ್ಞಾನ", "ಪೀಠಿಕೆ" ಎಂದು ಬರೆಯಲು ಹೊರಡುತ್ತದೆ. ತಡೆಯಬೇಕು. ಮುಂದಿನ ಅರ್ಧ ಗಂಟೆ ಅವಧಿಯ ಕೊನೆಯ ನಾಲ್ಕು ನಿಮಿಷಕ್ಕೆ ಮೀಸಲು: ಮಕ್ಕಳು ಚೀಟಿಯಲ್ಲಿ ಬರೆದುಕೊಟ್ಟು ಹೋಗುವ ಒಂದು ಪ್ರಶ್ನೆ.

ಒಳ್ಳೆಯ ಕೊನೆಯ ಪ್ರಶ್ನೆಗೆ ಇಲ್ಲಿ ಒಂದೇ ಪರೀಕ್ಷೆ. ತಪ್ಪು ತಿಳಿದ ಮಗು ಆ ಪ್ರಶ್ನೆಗೆ ಸರಿಯುತ್ತರ ಕೊಟ್ಟು ಪಾರಾಗಲು ಸಾಧ್ಯವೇ? ಸಾಧ್ಯವಿದ್ದರೆ ಪ್ರಶ್ನೆ ಬದಲಿಸಬೇಕು. ಮೊದಲು ಎಲ್ಲರಿಗೂ ಹೊಳೆಯುವುದು "1/2 ಮತ್ತು 1/4ರಲ್ಲಿ ಯಾವುದು ದೊಡ್ಡದು" ಎಂಬುದು. ಅಂಗಡಿಯಲ್ಲಿ ಅರ್ಧ ಕೆಜಿ, ಕಾಲು ಕೆಜಿ ಸಕ್ಕರೆ ತಂದ ಮಗುವಿಗೆ ಛೇದದ ಗೊಡವೆಯೇ ಬೇಡ, ಅರ್ಧ ದೊಡ್ಡದೆಂದು ಗೊತ್ತು. ಇದರಲ್ಲಿ ಇಡೀ ತರಗತಿ ಪಾಸಾಗುತ್ತದೆ, ಶಿಕ್ಷಕರಿಗೆ ಏನೂ ತಿಳಿಯುವುದಿಲ್ಲ. ಎರಡನೆಯದಾಗಿ ಬರುವುದು "ಗೆಳತಿಯೊಬ್ಬಳು 1/3ಕ್ಕಿಂತ 1/5 ದೊಡ್ಡದು ಎನ್ನುತ್ತಾಳೆ, ಅವಳಿಗೆ ತಿಳಿಸಿ ಹೇಳು" ಎಂಬ ರೂಪ. ಕೇಳಲು ಚೆನ್ನಾಗಿದೆ. ಆದರೆ ತಿಳಿಸಿ ಹೇಳು ಎಂದ ಮೇಲೆ ಗೆಳತಿ ತಪ್ಪು ಎಂಬ ಸುಳಿವು ಪ್ರಶ್ನೆಯಲ್ಲೇ ಸಿಕ್ಕಿಬಿಟ್ಟಿತು.

ಹಾಗಾಗಿ ಅದನ್ನು ಹೀಗೆ ತಿದ್ದಬಹುದು: "1/3 ದೊಡ್ಡದು ಎಂದು ಒಬ್ಬರು, 1/5 ದೊಡ್ಡದು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ? ಚಿತ್ರ ಬರೆದು ತೋರಿಸು." 1/3 ಮತ್ತು 1/5 ಏಕೆಂದರೆ ತರಗತಿಯ ಚಟುವಟಿಕೆಯಲ್ಲಿ ಇವು ಬಂದಿರುವುದಿಲ್ಲ, ನೆನಪಿನಿಂದ ಉತ್ತರ ಬರೆಯಲಾಗದು. ಪಾಲುಗಳೂ ಕಡಿಮೆ, ನಾಲ್ಕು ನಿಮಿಷದಲ್ಲಿ ಚಿತ್ರ ಮುಗಿಯುತ್ತದೆ. 1/9, 1/11 ಕೊಟ್ಟರೆ ಗೆರೆ ಎಳೆಯುವುದರಲ್ಲೇ ಗಂಟೆ ಬಾರಿಸುತ್ತದೆ.

ಗುಂಪುಗಳು ತಮ್ಮ ಪ್ರಶ್ನೆಯನ್ನು ಪಕ್ಕದ ಗುಂಪಿಗೆ ಕೊಡಬೇಕು. ಪಕ್ಕದವರ ಕೆಲಸ, ವಿಷಯ ತಿಳಿಯದೆಯೇ ಆ ಪ್ರಶ್ನೆಗೆ ಸರಿಯುತ್ತರ ಕೊಡುವ ದಾರಿ ಹುಡುಕುವುದು. ಇದು ಸ್ಪರ್ಧೆಯ ಹಾಗೆ ನಡೆಯುತ್ತದೆ, ಇಡೀ ಬೆಳಗಿನಲ್ಲಿ ಅತಿ ಹೆಚ್ಚು ಗದ್ದಲ ಇಲ್ಲೇ. ವಿಜ್ಞಾನದ ಗುಂಪು "ಆವಿಯಾಗುವಿಕೆ ಎಂದರೇನು?" ಎಂದು ಬರೆದಿದ್ದರೆ ಪಕ್ಕದವರು ಪುಸ್ತಕದ ಸಾಲನ್ನೇ ಹೇಳಿ ಗೆದ್ದುಬಿಡುತ್ತಾರೆ. "ಸ್ಟೀಲ್ ತಟ್ಟೆಯಲ್ಲಿಟ್ಟ ನೀರು ಸಂಜೆಗೆ ಇರಲಿಲ್ಲ. ಯಾರೂ ಚೆಲ್ಲಿಲ್ಲ. ಆ ನೀರು ಈಗ ಎಲ್ಲಿದೆ?" ಎಂದರೆ ಗೆಲ್ಲುವುದು ಕಷ್ಟ. ತಟ್ಟೆ ಹೀರಿಕೊಂಡಿತು ಅಥವಾ ನೀರು ಇಲ್ಲವಾಯಿತು ಎಂದು ತಿಳಿದ ಮಗು ಹಾಗೆಯೇ ಬರೆಯುತ್ತದೆ.

11:15ಕ್ಕೆ ಚಹಾ. ಹದಿನೈದು ನಿಮಿಷ ಎಂದು ಹೇಳಿ ಹದಿನೈದರಲ್ಲೇ ಶುರು ಮಾಡಿ. ಮುಂದಿನ ಭಾಗಕ್ಕೆ ಪೂರ್ತಿ ಐವತ್ತು ನಿಮಿಷ ಬೇಕು.

ನಡುವಿನ ಪಾಠ, ಗಡಿಯಾರ ಹಿಡಿದು

ಈಗ ಚಟುವಟಿಕೆ. ಭಿನ್ನರಾಶಿ ಎಂದರೆ ರೊಟ್ಟಿ, ಕೇಕು, ವೃತ್ತ ಎಂಬುದು ನಮ್ಮ ಅಭ್ಯಾಸ. ಹೋಲಿಕೆಯ ಪಾಠಕ್ಕೆ ವೃತ್ತ ಕೆಟ್ಟ ಆಯ್ಕೆ. ನಾಲ್ಕು ಪಾಲು ಮಾಡುವುದು ಸುಲಭ, ಆದರೆ ಆರು ಸಮಪಾಲನ್ನು ಕೈಯಲ್ಲಿ ಎಳೆಯಲು ಶಿಕ್ಷಕರಿಗೂ ಆಗದು. ಪಾಲುಗಳು ಓರೆಯಾದರೆ ಮಗು ನೋಡುವುದು ಗಣಿತವನ್ನಲ್ಲ, ಕೆಟ್ಟ ಚಿತ್ರವನ್ನು. ಕಾಗದದ ಪಟ್ಟಿ ಇದಕ್ಕೆ ಒಳ್ಳೆಯದು. ಉದ್ದ ಒಂದನ್ನೇ ಹೋಲಿಸಿದರಾಯಿತು.

ಈ ಭಾಗಕ್ಕೆ ಶಿಕ್ಷಕರಿಗೆ ಬೇಕೆಂದೇ ಒಂದು ದೋಷವಿರುವ ಯೋಜನೆ ಕೊಡಬೇಕು: "ಪ್ರತಿ ಜೋಡಿಗೆ 24 ಸೆಂ.ಮೀ. ಉದ್ದದ ಮೂರು ಪಟ್ಟಿ ಕೊಡಿ. ಒಂದು ಹಾಗೆಯೇ ಇರಲಿ, ಒಂದನ್ನು 4 ಸಮಪಾಲು, ಇನ್ನೊಂದನ್ನು 6 ಸಮಪಾಲು ಮಾಡಿಸಿ. ಸಮಯ: 5 ನಿಮಿಷ." ಶಿಕ್ಷಕರೇ ಜೋಡಿಯಾಗಿ ಮಾಡಲಿ, ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು ಕೊಡಿ, ಗಡಿಯಾರ ನೋಡಿ. ಮೊದಲ ನಿಮಿಷದಲ್ಲೇ ತೊಡಕು ಸಿಗುತ್ತದೆ: ಸ್ಕೇಲು 15 ಸೆಂ.ಮೀ., ಪಟ್ಟಿ 24. ಒಂದು ಸಲ ಅಳೆದು, ಗುರುತು ಹಾಕಿ, ಸ್ಕೇಲು ಸರಿಸಿ ಮತ್ತೆ ಅಳೆಯಬೇಕು. ಮಡಚಿ ನೋಡೋಣ ಎಂದರೆ ನಾಲ್ಕು ಮಡಿಕೆ ಸುಲಭ, ಅರ್ಧದ ಅರ್ಧ. ಆರಕ್ಕೆ ಮೊದಲು ಮೂರಾಗಿ ಮಡಚಬೇಕು, ಅದು ಒಂದೇ ಸಲಕ್ಕೆ ಸರಿಯಾಗಿ ಬರುವುದಿಲ್ಲ. ಐದು ನಿಮಿಷಕ್ಕೆ ದೊಡ್ಡವರೇ ಮುಗಿಸಿರುವುದಿಲ್ಲ.

ಪಟ್ಟಿಯನ್ನು 12 ಸೆಂ.ಮೀ. ಮಾಡಿದರೆ ಎಲ್ಲ ಸರಿಹೋಗುತ್ತದೆ. ಸ್ಕೇಲಿನೊಳಗೆ ಕೂರುತ್ತದೆ, 4 ಪಾಲಿಗೆ 3 ಸೆಂ.ಮೀ., 6 ಪಾಲಿಗೆ 2 ಸೆಂ.ಮೀ. ಅಗಲ 3 ಸೆಂ.ಮೀ. ಇಟ್ಟರೆ ಒಂದು ಎ4 ಹಾಳೆಯಲ್ಲಿ 14 ಪಟ್ಟಿ ಸಿಗುತ್ತವೆ. 32 ಮಕ್ಕಳು, 16 ಜೋಡಿ, ಜೋಡಿಗೆ ಮೂರರಂತೆ 48 ಪಟ್ಟಿ, ಅಂದರೆ ನಾಲ್ಕು ಹಾಳೆ ಸಾಕು, ಕೆಟ್ಟುಹೋದರೆ ಬದಲಿಗೆ ಎಂಟು ಉಳಿಯುತ್ತವೆ. ಕತ್ತರಿಸುವುದು ಹಿಂದಿನ ದಿನವೇ ಆಗಿರಬೇಕು. ಮಕ್ಕಳು ಸೊನ್ನೆಯ ಬದಲು ಸ್ಕೇಲಿನ ಅಂಚಿನಿಂದಲೋ 1ರಿಂದಲೋ ಅಳೆಯುತ್ತಾರೆ ಎಂಬುದನ್ನೂ ಯೋಜನೆಯಲ್ಲಿ ಬರೆದಿಟ್ಟರೆ ಮೊದಲ ಸುತ್ತಿನಲ್ಲೇ ಕಣ್ಣು ಅಲ್ಲಿ ಹೋಗುತ್ತದೆ. ಬೋಧನೋಪಕರಣ ಎಂಬ ಕಲಂನಲ್ಲಿ "ಕಾಗದದ ಪಟ್ಟಿ" ಎಂದು ಬರೆದು ಮುಗಿಸುವುದಕ್ಕೂ ಇದಕ್ಕೂ ಇರುವ ಅಂತರವನ್ನು ಹೇಳಿ ತಿಳಿಸಬೇಕಿಲ್ಲ, ಕೈಯಲ್ಲಿ ಮಾಡಿದವರಿಗೆ ಗೊತ್ತಾಗಿರುತ್ತದೆ.

ಮುಂದಿನದು ಕಾರ್ಯಾಗಾರದ ತಿರುಳು. ಹಾಳೆಯ ಮೇಲೆ ಮೂರು ಕಲಂ: ನಾನು ಕೇಳುವ ಪ್ರಶ್ನೆ, ಮಕ್ಕಳು ಕೊಡಬಹುದಾದ ಉತ್ತರ, ಆಗ ನಾನು ಮಾಡುವುದು. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಒಟ್ಟಾಗಿ ಪಾಠ ಸಿದ್ಧಪಡಿಸುವಾಗ ಮಕ್ಕಳ ನಿರೀಕ್ಷಿತ ಉತ್ತರಗಳಿಗೆ ಹೀಗೆ ಪ್ರತ್ಯೇಕ ಕಲಂ ಇಡುವುದು ಹಳೆಯ ರೂಢಿ. ನಮ್ಮ ನಮೂನೆಯಲ್ಲಿ ಇರುವ "ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ" ಎಂಬ ಜೋಡಿಯಲ್ಲಿ ಎರಡನೆಯದು ಬಹುಪಾಲು "ಗಮನವಿಟ್ಟು ಕೇಳುವರು, ಉತ್ತರಿಸುವರು" ಎಂದಷ್ಟೇ ಇರುತ್ತದೆ. ಏನೆಂದು ಉತ್ತರಿಸುವರು ಎಂಬುದೇ ಬೇಕಾದ ಸಂಗತಿ.

ಚೀಟಿಗಳ ಮೂರು ತಪ್ಪುಗಳಿಗೆ ಮೂರನೇ ಕಲಂ ಹೇಗೆ ತುಂಬುತ್ತದೆ ನೋಡಿ. 6 ದೊಡ್ಡದು, ಹಾಗಾಗಿ 1/6 ದೊಡ್ಡದು ಎಂದ ಮಗುವಿಗೆ ಎರಡು ಪಟ್ಟಿ ಪಕ್ಕಪಕ್ಕ ಇಡಿಸಿ "ಆರು ಮಾಡಿದಾಗ ಪಾಲುಗಳ ಸಂಖ್ಯೆ ಏನಾಯಿತು? ಒಂದೊಂದು ಪಾಲಿನ ಉದ್ದ ಏನಾಯಿತು?" ಎಂದು ಎರಡು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳುವುದು. ಮಗು ಬೆರೆಸಿಕೊಂಡದ್ದು ಇವೆರಡನ್ನೇ. ಬೇರೆ ಬೇರೆ ಅಳತೆಯ ಚಿತ್ರ ಬರೆಯುವ ಮಗುವಿಗೆ ಶಿಕ್ಷಕರು ತಮ್ಮ ಬಳಿ ಇಟ್ಟುಕೊಂಡ 24 ಸೆಂ.ಮೀ. ಪಟ್ಟಿಯನ್ನು ಹೊರತೆಗೆಯಬೇಕು. ಅದರ 1/6 ಎಂದರೆ 4 ಸೆಂ.ಮೀ., ಮಗುವಿನ ಕೈಯಲ್ಲಿರುವ 12 ಸೆಂ.ಮೀ. ಪಟ್ಟಿಯ 1/4 ಎಂದರೆ 3 ಸೆಂ.ಮೀ. "ಈಗ 1/6 ದೊಡ್ಡದಾಯಿತಲ್ಲ?" ಎಂದು ಕೇಳಿ ಕಾಯಬೇಕು. ಪಟ್ಟಿಯೇ ಉದ್ದವಿದೆ, ಇದು ಮೋಸ ಎಂದು ಮಕ್ಕಳಲ್ಲೇ ಯಾರಾದರೂ ಹೇಳುತ್ತಾರೆ. ಹೇಳದಿದ್ದರೆ ಎರಡೂ ಪೂರ್ತಿ ಪಟ್ಟಿಗಳನ್ನು ಒಂದರ ಮೇಲೊಂದು ಇಡಿಸಬೇಕು. ನಿಯಮ ಬಾಯಿಪಾಠ ಮಾಡಿದ ಮಗುವಿಗೆ 1/4 ಮತ್ತು 3/8. ಆದರೆ ಇದು ಈ ಅವಧಿಯ ಗುರಿಯಿಂದ ಆಚೆ, ಬೇಗ ಮುಗಿಸಿದವರಿಗೆ ಮಾತ್ರ ಕೇಳುವುದು, ಇಡೀ ತರಗತಿಗಲ್ಲ ಎಂದು ಕಲಂನಲ್ಲೇ ಬರೆದಿಡಬೇಕು.

ಸಮಯದ ಹಂಚಿಕೆ ಹೀಗಾಗುತ್ತದೆ: ಪ್ರಶ್ನೆ ಕೇಳಿ ಮಕ್ಕಳ ಊಹೆ ಬರೆಸಲು 4 ನಿಮಿಷ, ಪಟ್ಟಿಯ ಕೆಲಸ 12, ಚರ್ಚೆ 10, ಪಟ್ಟಿಯಿಲ್ಲದೆ 1/10 ಮತ್ತು 1/12 ಹೋಲಿಸಲು 6, ಕೊನೆಯ ಪ್ರಶ್ನೆ 4. ಒಟ್ಟು 36. ಉಳಿದ ನಾಲ್ಕನ್ನು ಖಾಲಿ ಬಿಡಬೇಕು, ಹಾಜರಿ, ಪಟ್ಟಿ ಹಂಚಿಕೆ ಅದನ್ನು ತಿಂದುಹಾಕುತ್ತವೆ. ಜೊತೆಗೆ ಒಂದು ಸಾಲು: ಸಮಯ ಮೀರಿದರೆ ಬಿಡುವುದು ಯಾವುದು? ಇಲ್ಲಿ 1/10, 1/12ರ ಭಾಗ. ಬರೆದಿಡದಿದ್ದರೆ ಬಿಟ್ಟುಹೋಗುವುದು ಯಾವಾಗಲೂ ಕೊನೆಯ ಪ್ರಶ್ನೆ.

ಗುಂಪುಗಳು ತಮ್ಮ ಪಾಠಕ್ಕೆ ಮೂರು ಕಲಂ ತುಂಬುವಾಗ ಎರಡನೇ ಕಲಂನಲ್ಲಿ ಬರೀ ಸರಿಯುತ್ತರಗಳೇ ಬರುತ್ತಿದ್ದರೆ ಅದು ತಿರುಗಾಡಿ ನೋಡುವವರ ಕಣ್ಣಿಗೆ ಬೀಳಬೇಕಾದ ಮೊದಲ ಲಕ್ಷಣ. "ಹೋದ ವರ್ಷ ಮಕ್ಕಳು ಇದಕ್ಕೆ ಏನು ಹೇಳಿದ್ದರು?" ಎಂದು ಕೇಳಿದರೆ ಹಳೆಯ ಅನುಭವವಿರುವವರು ಸರಸರ ಹೇಳತೊಡಗುತ್ತಾರೆ. ಹಿರಿಯ ಮೇಷ್ಟ್ರೊಬ್ಬರೇ ಎಲ್ಲವನ್ನೂ ಹೇಳಿ ಉಳಿದವರು ಬರೆದುಕೊಳ್ಳುತ್ತ ಕೂರುವುದೂ ಇಲ್ಲೇ. ಪೆನ್ನನ್ನು ಅವರ ಕೈಗೇ ಕೊಟ್ಟು, ಹೇಳುವ ಕೆಲಸವನ್ನು ಉಳಿದ ಮೂವರಿಗೆ ಬಿಟ್ಟರೆ ಮುಜುಗರವಿಲ್ಲದೆ ಸರಿಯಾಗುತ್ತದೆ.

ಎಂಟು ನಿಮಿಷದ ತಾಲೀಮು

12:20ಕ್ಕೆ ಎರಡೆರಡು ಗುಂಪು ಎದುರುಬದುರು. ಒಂದು ಗುಂಪಿನವರೊಬ್ಬರು ಚರ್ಚೆಯ ಭಾಗವನ್ನಷ್ಟೇ ಎಂಟು ನಿಮಿಷ ನಡೆಸುತ್ತಾರೆ, ಎದುರಿನ ನಾಲ್ವರು ಮಕ್ಕಳಾಗುತ್ತಾರೆ. ಪಾಠ ಸಿದ್ಧಪಡಿಸಿದ ಗುಂಪೇ ನಾಲ್ಕು ಪಾತ್ರದ ಚೀಟಿಗಳನ್ನು ಬರೆದು ಮಡಚಿ ಕೊಡಬೇಕು: ಇಬ್ಬರಿಗೆ ಎರಡು ಬೇರೆ ತಪ್ಪು ತಿಳಿವಳಿಕೆ, ಒಬ್ಬರಿಗೆ ಸರಿಯುತ್ತರ ಗೊತ್ತು ಆದರೆ ಕಾರಣ ಹೇಳಲು ಬಾರದು, ಒಬ್ಬರು ಪಕ್ಕದವರದ್ದನ್ನು ನೋಡಿ ಬರೆಯುವವರು. ಪಾಠ ಮಾಡುವವರಿಗೆ ಯಾರ ಬಳಿ ಯಾವ ಚೀಟಿ ಎಂದು ತಿಳಿಯಬಾರದು. ಚೀಟಿ ಇಲ್ಲದಿದ್ದರೆ ದೊಡ್ಡವರು ಮಕ್ಕಳಾಗಿ ನಟಿಸುತ್ತ ಕೀಟಲೆಗೆ ಇಳಿಯುತ್ತಾರೆ, ಹತ್ತು ನಿಮಿಷ ನಗುವಿನಲ್ಲೇ ಕಳೆದುಹೋಗುತ್ತದೆ.

ಮುಗಿದ ಮೇಲೆ ನಾಲ್ಕು ನಿಮಿಷ ಮಾತು, ಎರಡೇ ಸಂಗತಿ. ಯಾವ ಉತ್ತರಕ್ಕೆ ಹಾಳೆಯಲ್ಲಿ ಏನೂ ಬರೆದಿರಲಿಲ್ಲ? ಬರೆದಿದ್ದರೂ ಯಾವ ಪ್ರಶ್ನೆ ಕೆಲಸ ಮಾಡಲಿಲ್ಲ? ಧ್ವನಿ, ಕಪ್ಪುಹಲಗೆಯ ಬರಹ, ಆತ್ಮವಿಶ್ವಾಸ ಇವುಗಳ ಬಗ್ಗೆ ಯಾರಾದರೂ ಶುರು ಮಾಡಿದರೆ ನಯವಾಗಿ ತಡೆಯಬೇಕು. ಇಲ್ಲಿ ಪರೀಕ್ಷೆಗೆ ಕೂತಿರುವುದು ಹಾಳೆ, ಶಿಕ್ಷಕರಲ್ಲ. ನಂತರ ಪಾತ್ರ ಬದಲು. ಎರಡು ಸುತ್ತಿಗೆ 24 ನಿಮಿಷ, ಓಡಾಟಕ್ಕೆ ಆರು.

ಕೈಯಲ್ಲಿ ಏನು ಹಿಡಿದು ಹೋಗುತ್ತಾರೆ

ಪ್ರತಿಯೊಬ್ಬರ ಕೈಯಲ್ಲಿ ಒಂದೇ ಹಾಳೆ: ಮೇಲೆ ಗುರಿಯ ವಾಕ್ಯ, ಕೆಳಗೆ ಕೊನೆಯ ಪ್ರಶ್ನೆ, ನಡುವೆ ಮೂರು ಕಲಂ, ಅಂಚಿನಲ್ಲಿ ನಿಮಿಷಗಳು. ಇಲಾಖೆಯ ನಮೂನೆಗೆ ಇದು ಬದಲಿಯಲ್ಲ. 5ಇ ಮಾದರಿಯಲ್ಲಿ ಬರೆಯಬೇಕಾದವರು ಊಹೆಯ ಪ್ರಶ್ನೆಯನ್ನು ಮೊದಲ ಹಂತಕ್ಕೆ, ಪಟ್ಟಿಯ ಕೆಲಸವನ್ನು ಎರಡನೆಯದಕ್ಕೆ, ಚರ್ಚೆಯನ್ನು ಮೂರನೆಯದಕ್ಕೆ ಹಾಕಿಕೊಳ್ಳಬಹುದು. 1/10, 1/12 ವಿಸ್ತರಣೆಗೆ, ಚೀಟಿ ಮೌಲ್ಯಮಾಪನಕ್ಕೆ ಸೇರುತ್ತವೆ. ನಮೂನೆಯೊಂದಿಗೆ ಜಗಳ ಬೇಡ.

ಎಲ್ಲ ಪಾಠಕ್ಕೂ ಹೀಗೆ ಬರೆಯಿರಿ ಎಂದು ಹೇಳಿದರೆ ಯಾರೂ ಬರೆಯುವುದಿಲ್ಲ, ಬರೆಯಲು ಸಮಯವೂ ಇಲ್ಲ. ವಾರಕ್ಕೊಂದು, ಅದೂ ಮಕ್ಕಳು ಪ್ರತಿ ವರ್ಷ ಎಡವುವ ಪಾಠಕ್ಕೆ ಮಾತ್ರ ಎಂದು ಒಪ್ಪಂದ ಮಾಡಿಕೊಳ್ಳುವುದು ಮೇಲು. ಉಳಿದ ಪಾಠಗಳಿಗೆ ಕೊನೆಯ ಪ್ರಶ್ನೆಯೊಂದನ್ನು ದಿನಚರಿಯಲ್ಲಿ ಬರೆದಿಟ್ಟರೆ ಸಾಕು.

ಒಬ್ಬರೇ ಶಿಕ್ಷಕರು ನಾಲ್ಕು, ಐದು ಎರಡೂ ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಾಲೆಗಳಿಗೆ ಈ ಹಾಳೆ ಇದ್ದ ಹಾಗೆಯೇ ನಡೆಯದು. ಅಲ್ಲಿ ನಿಮಿಷಗಳ ಪಕ್ಕದಲ್ಲಿ ಇನ್ನೊಂದು ಕಲಂ ಬೇಕು: ಈ ಹೊತ್ತಿನಲ್ಲಿ ನಾಲ್ಕನೇ ತರಗತಿ ಏನು ಮಾಡುತ್ತಿರುತ್ತದೆ. ಐದನೆಯವರು ಪಟ್ಟಿ ಗುರುತು ಹಾಕುವ 12 ನಿಮಿಷದಲ್ಲಿ ಶಿಕ್ಷಕರು ನಾಲ್ಕನೆಯವರ ಜೊತೆ ಇರಬಹುದು. ಚರ್ಚೆಯ 10 ನಿಮಿಷದಲ್ಲಿ ಮಾತ್ರ ಅವರಿಗೆ ಯಾರ ಸಹಾಯವೂ ಬೇಡದ ಕೆಲಸ ಸಿದ್ಧವಿರಬೇಕು. ಸುಮ್ಮನೆ "ಪುಟ ನೋಡಿ ಬರೆಯಿರಿ" ಎಂದರೆ ಮೂರು ನಿಮಿಷಕ್ಕೆ "ಮೇಡಂ ಆಯ್ತು" ಎಂಬ ಕೂಗು ಬರುತ್ತದೆ.

1:00ಕ್ಕೆ ಮುಗಿಸುವ ಮೊದಲು ಒಂದು ದಿನಾಂಕ ನಿಗದಿ ಮಾಡಿ. ಮುಂದಿನ ಸಮಾಲೋಚನಾ ಸಭೆಗೆ ಪ್ರತಿಯೊಬ್ಬರೂ ಆ ಪಾಠದ ಕೊನೆಯ ಪ್ರಶ್ನೆಗೆ ಮಕ್ಕಳು ಬರೆದ ಹತ್ತು ಚೀಟಿ ತರಬೇಕು. ಒಳ್ಳೆಯ ಹತ್ತನ್ನು ಆರಿಸಿ ತರುವ ಆಸೆ ಎಲ್ಲರಿಗೂ ಆಗುತ್ತದೆ, ಆದ್ದರಿಂದ ಹಾಜರಿ ಪುಸ್ತಕದ ಮೊದಲ ಹತ್ತು ಹೆಸರುಗಳದ್ದೇ ತನ್ನಿ ಎಂದು ಹೇಳಿ. ಅಂದು ಅರ್ಧ ಗಂಟೆ ಮೀಸಲಿಟ್ಟು ಆ ಚೀಟಿಗಳನ್ನು ತಪ್ಪಿನ ಬಗೆಯ ಪ್ರಕಾರ ವಿಂಗಡಿಸಿ, ಎರಡನೇ ಕಲಂನಲ್ಲಿ ಬರೆಯದೇ ಇದ್ದ ಉತ್ತರಗಳನ್ನು ಕೆಂಪು ಶಾಯಿಯಲ್ಲಿ ಅದೇ ಹಾಳೆಗೆ ಸೇರಿಸಿ. ಮುಂದಿನ ವರ್ಷ ಆ ಪಾಠ ಮಾಡುವವರಿಗೆ ಕೊಡಬೇಕಾದದ್ದು ಕೆಂಪು ಶಾಯಿ ಸೇರಿದ ಈ ಪ್ರತಿಯನ್ನೇ.